ಅದ್ಭುತಕಥೆಯಲ್ಲಿ ನಂಬಲಾಗದ ನಿರೂಪಕ: ಬಿಲ್ಬೋವಿನ ಉಂಗುರದ ಎರಡು ಪಾಠಗಳು

ಕಥೆ ಹೇಳುವವನ ಮಾತು ಕೃತಿಯ ಒಟ್ಟಾಭಿಪ್ರಾಯಕ್ಕೆ ಹೊಂದದಿರುವಲ್ಲಿ ಅವನನ್ನು ‘ನಂಬಲಾಗದ ನಿರೂಪಕ’ನೆಂದು ಕರೆಯುವ ವಾಡಿಕೆಯು ಅಮೆರಿಕದ ವಿಮರ್ಶಕನಾದ ವೇಯ್ನ್ ಬೂತನು 1961ರಲ್ಲಿ ಪ್ರಕಟಿಸಿದ ಗ್ರಂಥದಿಂದ ಬಂದುದು. ಲೋಕವ್ಯವಹಾರವನ್ನು ಚಿತ್ರಿಸುವ ಕಾದಂಬರಿಯಲ್ಲಿ ಇಂಥವನನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಓದುಗನಿಗೆ ಲೋಕದ ಪರಿಚಯವಿರುವುದರಿಂದ ಆಗಹೋಗದ ಮಾತು ಒಡನೆಯೇ ಕಿವಿಗೆ ತಟ್ಟುತ್ತದೆ. ಅದ್ಭುತಕಥೆಯಲ್ಲಿ ಈ ಒರೆಗಲ್ಲು ಕೆಲಸಕ್ಕೆ ಬಾರದು. ಅಲ್ಲಿ ತೊಟ್ಟವನನ್ನು ಅದೃಶ್ಯನನ್ನಾಗಿಸುವ ಉಂಗುರವೂ ಉಂಟು, ಮಾತನಾಡುವ ಘಟಸರ್ಪವೂ ಉಂಟು. ಆ ಲೋಕದ ನಿಯಮಗಳನ್ನು ಓದುಗನು ನಿರೂಪಕನ ಬಾಯಿಂದಲೇ ಕಲಿಯಬೇಕು. ಆದುದರಿಂದ ಅಸಂಭವವು ಅಲ್ಲಿ ಸುಳ್ಳಿನ ಗುರುತಾಗಲಾರದು. ಹುಡುಕಬೇಕಾದುದು ಮತ್ತೊಂದು: ಹೇಳಿದ ಮಾತಿನಿಂದ ಹೇಳಿದವನಿಗೆ ಬರುವ ಲಾಭ.

ಇದಕ್ಕೆ ಇಂಗ್ಲೆಂಡಿನ ಟೋಲ್ಕಿನ್ನನ ‘ಹಾಬಿಟ್’ ಎಂಬ ಕಥೆಗಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ. ಏಕೆಂದರೆ ಇಲ್ಲಿ ಸುಳ್ಳು, ನಿಜ ಎರಡೂ ಅಚ್ಚಾಗಿವೆ. 1937ರ ಮೊದಲ ಮುದ್ರಣದ ಐದನೆಯ ಪ್ರಕರಣದಲ್ಲಿ ಬಿಲ್ಬೋ ಎಂಬ ಗಿಡ್ಡಜೀವಿಯು ಬೆಟ್ಟದೊಳಗಿನ ಕತ್ತಲಲ್ಲಿ ದಾರಿತಪ್ಪಿ ನೆಲದ ಮೇಲೊಂದು ಉಂಗುರವನ್ನು ಕಂಡು ಜೇಬಿಗೆ ಹಾಕಿಕೊಳ್ಳುತ್ತಾನೆ. ಬಳಿಕ ಗಾಲಮ್ ಎಂಬ ನರಭಕ್ಷಕನೊಡನೆ ಒಗಟಿನ ಪಂದ್ಯ. ಬಿಲ್ಬೋ ಸೋತರೆ ಆಹಾರವಾಗಬೇಕು. ಗೆದ್ದರೆ ಗಾಲಮ್ ಅವನಿಗೊಂದು ಉಡುಗೊರೆಯನ್ನು ಕೊಡಬೇಕು. ಸೋತ ಗಾಲಮ್ ಉಡುಗೊರೆಯಾದ ಉಂಗುರವನ್ನು ತರಹೋಗಿ, ಅದು ಸಿಕ್ಕದೆ, ಮತ್ತೆ ಮತ್ತೆ ಕ್ಷಮೆ ಬೇಡಿ, ಬದಲಿಗೆ ಹೊರದಾರಿಯನ್ನು ತೋರಿಸಿ ಹೋಗುತ್ತಾನೆ. 1951ರ ಎರಡನೆಯ ಮುದ್ರಣದಲ್ಲಿ ಉಡುಗೊರೆಯ ಮಾತೇ ಇಲ್ಲ. ಪಂದ್ಯಕ್ಕಿಟ್ಟುದು ಹೊರದಾರಿ ಮಾತ್ರ; ಗಾಲಮ್ ಉಂಗುರವನ್ನು ಹುಡುಕುವುದು ಅದೃಶ್ಯನಾಗಿ ಬಂದು ಬಿಲ್ಬೋವನ್ನು ಕೊಲ್ಲುವುದಕ್ಕಾಗಿ.

1954ರಲ್ಲಿ ಹೊರಬಂದ ‘ಉಂಗುರಗಳ ಒಡೆಯ’ ಎಂಬ ಮಹಾಕಥೆಯ ಪೀಠಿಕೆಯು ಈ ಪಾಠಭೇದಕ್ಕೆ ಕಾರಣವನ್ನು ಕಥೆಯೊಳಗೇ ಕಲ್ಪಿಸುತ್ತದೆ. ‘ಹಾಬಿಟ್’ ಮೇಲುನೋಟಕ್ಕೆ ಪ್ರಥಮಪುರುಷದ ಕಥೆಯಾದರೂ ಅದಕ್ಕೆ ಮೂಲ ಬಿಲ್ಬೋವಿನ ಸ್ವಂತ ಬರಹ. ಮೊದಲ ಪಾಠವು ಅವನು ಸಂಗಡಿಗರಿಗೆ ಹೇಳಿದ ಸುಳ್ಳು. ಹೀಗೆ ಗ್ರಂಥಕರ್ತನ ತಿದ್ದುಪಡಿಯು ಪಾತ್ರದ ಅಪರಾಧವಾಗಿ ಮಾರ್ಪಟ್ಟಿತು. ಈ ಜಾಣತನಕ್ಕೆ ವಿದ್ವಾಂಸನೊಬ್ಬನೇ ಕೈಹಾಕಿಯಾನು. ಟೋಲ್ಕಿನ್ನನು ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕನಾಗಿದ್ದನೆಂಬುದು ಇಲ್ಲಿ ನೆನಪಿಗೆ ಬರುತ್ತದೆ.

ಸುಳ್ಳನ್ನು ಮೊದಲು ಸಂಶಯಿಸಿದವನು ಮಾಂತ್ರಿಕನಾದ ಗ್ಯಾಂಡಾಲ್ಫ್. ಅವನ ತರ್ಕದ ಹಾದಿಯೇ ಓದುಗನಿಗೂ ಹಾದಿ. ಮಾಯೆಯ ಉಂಗುರವೊಂದು ಸಿಕ್ಕಿತೆಂಬುದು ಅವನಿಗೆ ಆಶ್ಚರ್ಯವಲ್ಲ. ಪ್ರಾಮಾಣಿಕನೆಂದು ಹೆಸರಾದ ಬಿಲ್ಬೋ ತನ್ನ ಹಕ್ಕನ್ನು ಸ್ಥಾಪಿಸಲು ಅಷ್ಟು ಶ್ರಮಪಟ್ಟುದೇ ಆಶ್ಚರ್ಯ. ಬಿದ್ದುದನ್ನು ಎತ್ತಿಕೊಂಡೆನೆಂದರೆ ಸಾಕಾಗಿದ್ದಲ್ಲಿ ಪಂದ್ಯ, ಗೆಲುವು, ಉಡುಗೊರೆಗಳೆಲ್ಲ ಏತಕ್ಕೆ? ಮುಂದೆ ಗಾಲಮ್ ಕೂಡ ಉಂಗುರವು ತನಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದುದೆಂದು ಸಾಧಿಸುತ್ತಾನೆ. ನಿಜದಲ್ಲಿ ಅವನು ಅದಕ್ಕಾಗಿ ಗೆಳೆಯನನ್ನು ಕೊಂದಿದ್ದನು. ಒಬ್ಬರನ್ನೊಬ್ಬರು ಹೋಲದ ಇಬ್ಬರು ಒಂದೇ ವಸ್ತುವಿನ ವಿಷಯದಲ್ಲಿ ಒಂದೇ ಬಗೆಯ ನೆಪವನ್ನು ಹೂಡಿದರೆ ದೋಷವು ಆ ವಸ್ತುವಿನಲ್ಲಿಯೇ ಇರಬೇಕೆಂಬುದು ಗ್ಯಾಂಡಾಲ್ಫನ ಊಹೆ. ಸುಳ್ಳು ಇಲ್ಲಿ ಬರಿಯ ಸುಳ್ಳಲ್ಲ, ಉಂಗುರದ ಕೇಡಿಗೆ ಮೊದಲ ಸಾಕ್ಷ್ಯ. ಬಿಲ್ಬೋ ಸಂಗಡಿಗರಾದ ಕುಬ್ಜರಿಗೆ ತನ್ನ ಪಾರಾದ ಕಥೆಯನ್ನು ಮೊದಲ ಸಲ ಹೇಳುವಾಗ ಉಂಗುರದ ಸುದ್ದಿಯನ್ನೇ ಬಿಟ್ಟಿದ್ದನೆಂಬುದೂ ಗಮನಾರ್ಹ: ಮೊದಲು ಮೌನ, ಆಮೇಲೆ ಅತಿಯಾದ ಸಮರ್ಥನೆ.

ಆದರೆ ಈ ಪರೀಕ್ಷೆಗೆ ಒಂದು ಎಲ್ಲೆಯುಂಟು. 1937ರ ಪುಸ್ತಕವೊಂದನ್ನೇ ಕೈಯಲ್ಲಿ ಹಿಡಿದು ಬಿಲ್ಬೋ ಸುಳ್ಳುಗಾರನೆಂದು ತೀರ್ಮಾನಿಸುವುದು ಅತಿವ್ಯಾಖ್ಯೆ. ಆಗ ಗ್ರಂಥಕರ್ತನ ಮನಸ್ಸಿನಲ್ಲಿಯೇ ಆ ಉಂಗುರವು ಕೇಡಿನದಾಗಿರಲಿಲ್ಲ. ಮಾತು ಹಿಂದೆಮುಂದಾದ ಮಾತ್ರಕ್ಕೆ ನಿರೂಪಕನನ್ನು ದೂರಲಾಗದು. ಅದು ಕರ್ತನ ಮರೆವೂ ಆಗಿರಬಹುದು, ಅಚ್ಚಿನ ತಪ್ಪೂ ಆಗಿರಬಹುದು. ಸುಳ್ಳಿಗೆ ಕಾರಣವನ್ನೂ ಅದನ್ನು ತೂಗಲು ಬೇರೊಂದು ಸಾಕ್ಷ್ಯವನ್ನೂ ಕೃತಿಯೇ ಒದಗಿಸಿದಾಗ ಮಾತ್ರ ಆರೋಪವು ನಿಲ್ಲುತ್ತದೆ. ಇಲ್ಲಿ ಎರಡೂ ದೊರೆಯುತ್ತವೆ. ಎಲ್ರಾಂಡನ ಸಭೆಯಲ್ಲಿ ಬಿಲ್ಬೋ, ಹಳೆಯ ಕಥೆಯನ್ನು ಕೇಳಿದ್ದ ಗ್ಲೋಯಿನನ ಕಡೆಗೆ ಓರೆಗಣ್ಣಿನಿಂದ ನೋಡಿ, ಉಂಗುರವು ತನ್ನದೇ ಎನ್ನಿಸಿಕೊಳ್ಳಲೂ ಕಳ್ಳನೆಂಬ ಹೆಸರನ್ನು ತಪ್ಪಿಸಿಕೊಳ್ಳಲೂ ಹಾಗೆ ಹೇಳಿದೆನೆಂದು ಒಪ್ಪಿಕೊಳ್ಳುತ್ತಾನೆ.

ಬಾಯಲ್ಲಿ ಒಪ್ಪಿದರೂ ಅವನು ಬರೆದುದನ್ನು ತಿದ್ದಲಿಲ್ಲ. ಪೀಠಿಕೆಯ ಪ್ರಕಾರ ಮೂಲ ‘ಕೆಂಪು ಪುಸ್ತಕ’ದಲ್ಲಿಯೂ ಅದರ ಕೆಲವು ಪ್ರತಿಗಳಲ್ಲಿಯೂ ಹಳೆಯ ಪಾಠವೇ ಉಳಿಯಿತು, ನಿಜವಾದ ಪಾಠವಿರುವ ಪ್ರತಿಗಳು ಅನೇಕವಿದ್ದು, ಅವುಗಳಿಗೆ ಆಧಾರವು ಫ್ರೋಡೋ ಅಥವಾ ಸ್ಯಾಮನ ಟಿಪ್ಪಣಿಯಾಗಿರಬೇಕು. ಅವರಿಬ್ಬರೂ ನಿಜವನ್ನು ಬಲ್ಲವರಾಗಿದ್ದರೂ ಆ ಹಿರಿಯ ಹಾಬಿಟ್ಟನು ತನ್ನ ಕೈಯಾರೆ ಬರೆದ ಅಕ್ಷರಗಳನ್ನು ಅಳಿಸಲು ಮನಸ್ಸು ಮಾಡಲಿಲ್ಲ.