ಸೆಕೆಯಲ್ಲಿ ಮ್ಯಾರಥಾನ್: ಪೇಸ್ ಎಷ್ಟು ಇಳಿಸಬೇಕು?

ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್ ನಡೆಯುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಓಟಗಾರರು ಪ್ರತಿವರ್ಷ ಅಲ್ಲಿಗೆ ಹೋಗುತ್ತಾರೆ. ಡಿಸೆಂಬರಿನ ಚಳಿಯಲ್ಲಿ ಮೂವತ್ತು ಕಿಲೋಮೀಟರ್ ಓಡಿ, ‘ನಾಲ್ಕು ಗಂಟೆಯಲ್ಲಿ ಮುಗಿಸಬಲ್ಲೆ’ ಎಂಬ ಲೆಕ್ಕ ಗಟ್ಟಿಯಾಗಿರುತ್ತದೆ. ಅವರಲ್ಲಿ ಅನೇಕರು ಮುಂಬೈಯಲ್ಲಿ ಅರ್ಧ ದಾರಿಯವರೆಗೆ ಆ ಲೆಕ್ಕದಂತೆಯೇ ಓಡಿ, ಮೂವತ್ತನೇ ಕಿಲೋಮೀಟರ್ ದಾಟುವ ಹೊತ್ತಿಗೆ ನಡೆಯತೊಡಗುತ್ತಾರೆ. ಅಭ್ಯಾಸ ಸಾಲಲಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬಹಳಷ್ಟು ಸಲ ಕೊರತೆಯಾಗಿದ್ದು ಅಭ್ಯಾಸವಲ್ಲ. ಒಂದು ಹವೆಯಲ್ಲಿ ಕಟ್ಟಿದ ಗುರಿಯನ್ನು ಇನ್ನೊಂದು ಹವೆಗೆ ತಿದ್ದದೆ ಒಯ್ದದ್ದೇ ತಪ್ಪು. ತಿದ್ದಲು ಶೇಕಡಾವಾರು ಲೆಕ್ಕವೊಂದಿದೆ. ಓಟದ ಹಿಂದಿನ ರಾತ್ರಿ ಹತ್ತು ನಿಮಿಷ ಕೂತರೆ ಮಾಡಬಹುದು.

ಲೆಕ್ಕಕ್ಕೆ ಬೇಕಾದದ್ದು ಎರಡು ಅಂಕಿ: ಗಾಳಿಯ ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್. ಗಾಳಿಯನ್ನು ತಂಪಾಗಿಸುತ್ತ ಹೋದರೆ ಯಾವ ಉಷ್ಣಾಂಶದಲ್ಲಿ ಇಬ್ಬನಿ ಕಟ್ಟತೊಡಗುತ್ತದೋ ಅದೇ ಡ್ಯೂ ಪಾಯಿಂಟ್. ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಾವಿ ಇದೆ ಎಂಬುದನ್ನು ಅದು ಹೇಳುತ್ತದೆ. ಫೋನಿನ ಹವಾಮಾನ ಆ್ಯಪ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುತ್ತದೆ, ಆದರೆ ಹೆಚ್ಚಿನವರು ನೋಡುವುದು ಪಕ್ಕದಲ್ಲೇ ಇರುವ ‘ತೇವಾಂಶ ಶೇಕಡಾ ಇಷ್ಟು’ ಎಂಬುದನ್ನು. ಓಟಗಾರನಿಗೆ ಆ ಶೇಕಡಾ ದಾರಿ ತಪ್ಪಿಸುತ್ತದೆ. ಬೆಂಗಳೂರಿನ ಡಿಸೆಂಬರ್ ಮುಂಜಾವಿನಲ್ಲಿ ಉಷ್ಣಾಂಶ 16 ಡಿಗ್ರಿ ಸೆಲ್ಸಿಯಸ್, ಡ್ಯೂ ಪಾಯಿಂಟ್ 14 ಇದ್ದರೆ ತೇವಾಂಶ ಸುಮಾರು ಶೇ. 88. ಮಂಗಳೂರಿನ ಅಕ್ಟೋಬರ್ ಮುಂಜಾವಿನಲ್ಲಿ 25 ಮತ್ತು 23 ಇದ್ದರೂ ತೇವಾಂಶ ಹೆಚ್ಚುಕಡಿಮೆ ಅಷ್ಟೇ. ಒಂದರಲ್ಲಿ ಓಡುವುದು ಹಿತ, ಇನ್ನೊಂದರಲ್ಲಿ ಮೊದಲ ಕಿಲೋಮೀಟರಿಗೇ ಬನಿಯನ್ ಒದ್ದೆ. ಮುಂಬೈಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ 27 ಡಿಗ್ರಿ, ಡ್ಯೂ ಪಾಯಿಂಟ್ 17 ಇದ್ದರೆ ತೇವಾಂಶ ಶೇ. 55ರ ಆಸುಪಾಸಿಗೆ ಇಳಿದಿರುತ್ತದೆ. ಅಂಕಿ ನೋಡಿದವರಿಗೆ ಅದು ಬೆಂಗಳೂರಿಗಿಂತ ಒಣ ಹವೆ ಅನ್ನಿಸುತ್ತದೆ. ಮೈಗೆ ಹಾಗೆ ಅನ್ನಿಸುವುದಿಲ್ಲ.

ಯಾಕೆಂದರೆ, ಓಡುವಾಗ ನಾವು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿ ಹೊರಬರುತ್ತದೆ. ಅದನ್ನು ಮೈಯಿಂದ ಹೊರಹಾಕುವ ಮುಖ್ಯ ದಾರಿ ಬೆವರು ಆರುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆರದೆ ತೊಟ್ಟಿಕ್ಕಿ ನೆಲ ಸೇರಿದ ಬೆವರು ತಂಪು ಕೊಡುವುದಿಲ್ಲ, ಮೈಯ ನೀರನ್ನಷ್ಟೇ ಕಳೆಯುತ್ತದೆ. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದ ಹಾಗೆ, ಗಾಳಿಯಲ್ಲಿ ನೀರಾವಿ ಹೆಚ್ಚಿದ್ದಷ್ಟೂ ಬೆವರು ಆರುವುದು ನಿಧಾನ. ಆಗ ದೇಹ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಹರಿಸಿ ಶಾಖ ಕಳೆಯಲು ನೋಡುತ್ತದೆ. ಅದೇ ರಕ್ತ ಕಾಲಿನ ಸ್ನಾಯುಗಳಿಗೂ ಬೇಕು. ಹೃದಯ ಎರಡೂ ಕಡೆಯ ಬೇಡಿಕೆ ಪೂರೈಸಲು ಹೆಚ್ಚು ಬಡಿಯುತ್ತದೆ, ಪೇಸ್ ಮಾತ್ರ ಹಾಗೇ ಉಳಿದಿರುತ್ತದೆ. ಶಾಖ ಹುಟ್ಟುವ ಪ್ರಮಾಣ ವೇಗದ ಜೊತೆಗೆ ಏರುವುದರಿಂದ, ಅದನ್ನು ಹತೋಟಿಗೆ ತರಲು ಓಟಗಾರನ ಕೈಯಲ್ಲಿರುವ ದೊಡ್ಡ ಉಪಾಯ ವೇಗವನ್ನು ಇಳಿಸುವುದೇ.

ಎಷ್ಟು ಇಳಿಸುವುದು? ಅಮೆರಿಕದ ತರಬೇತುದಾರರ ನಡುವೆ ಬಳಕೆಗೆ ಬಂದು ಈಗ ಎಲ್ಲೆಡೆ ಓಡಾಡುತ್ತಿರುವ ಒಂದು ಪಟ್ಟಿ ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್‌ಗಳನ್ನು ಫ್ಯಾರನ್‌ಹೀಟ್‌ನಲ್ಲಿ ಕೂಡಿಸುತ್ತದೆ. ನಮ್ಮ ಸೆಲ್ಸಿಯಸ್ ಅಂಕಿಗಳನ್ನು ಕೂಡಿಸಿ, ಬಂದ ಮೊತ್ತವನ್ನು 1.8ರಿಂದ ಗುಣಿಸಿ, 64 ಸೇರಿಸಿದರೆ ಅದೇ ಮೊತ್ತ ಸಿಗುತ್ತದೆ. ಮೊತ್ತ 100ರ ಒಳಗಿದ್ದರೆ ಪೇಸ್ ತಿದ್ದಬೇಕಿಲ್ಲ. 110ರಿಂದ 120ರ ನಡುವೆ ಇದ್ದರೆ ಅರ್ಧದಿಂದ ಒಂದು ಶೇಕಡಾ ನಿಧಾನ. 130ರವರೆಗೆ ಒಂದರಿಂದ ಎರಡು. 140ರವರೆಗೆ ಎರಡರಿಂದ ಮೂರು. 150ರವರೆಗೆ ಮೂರರಿಂದ ನಾಲ್ಕೂವರೆ. 160ರವರೆಗೆ ನಾಲ್ಕೂವರೆಯಿಂದ ಆರು. 170ರವರೆಗೆ ಆರರಿಂದ ಎಂಟು. 180ರವರೆಗೆ ಎಂಟರಿಂದ ಹತ್ತು. ಅದಕ್ಕೂ ಮೇಲಾದರೆ ಜೋರಾಗಿ ಓಡುವುದೇ ಬೇಡ ಎನ್ನುತ್ತದೆ ಪಟ್ಟಿ. ಕೆಳಗಿನ ಮೆಟ್ಟಿಲುಗಳು ಚಿಕ್ಕವು, ಮೇಲಿನವು ದೊಡ್ಡವು. ಸೆಕೆ ಹೆಚ್ಚಿದಂತೆ ಪ್ರತಿ ಹೆಚ್ಚುವರಿ ಡಿಗ್ರಿ ತೆಗೆದುಕೊಳ್ಳುವ ಬೆಲೆಯೂ ಏರುತ್ತದೆ.

ಇದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಸೂತ್ರವಲ್ಲ, ಅನುಭವದ ಪಟ್ಟಿ. ಆದರೂ ದೊಡ್ಡ ಪರೀಕ್ಷೆಯೊಂದರಲ್ಲಿ ಅದು ತೀರಾ ಸುಳ್ಳಾಗಲಿಲ್ಲ. 2019ರಲ್ಲಿ ದೋಹಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿಸಿಲು ತಪ್ಪಿಸಲೆಂದು ಮಹಿಳೆಯರ ಮ್ಯಾರಥಾನನ್ನು ಮಧ್ಯರಾತ್ರಿಯ ಹೊತ್ತಿಗೆ ಇಟ್ಟಿದ್ದರು. ಆದರೂ ಉಷ್ಣಾಂಶ 32 ಡಿಗ್ರಿ ದಾಟಿತ್ತು, ತೇವಾಂಶ ಶೇ. 70ಕ್ಕಿಂತ ಹೆಚ್ಚಿತ್ತು. ಡ್ಯೂ ಪಾಯಿಂಟ್ ಲೆಕ್ಕ ಹಾಕಿದರೆ ಮೊತ್ತ 170ರ ಆಚೀಚೆ ಬರುತ್ತದೆ. ಹೊರಟ 68 ಮಂದಿಯಲ್ಲಿ 28 ಮಂದಿ ಓಟ ಬಿಟ್ಟರು. ಗೆದ್ದ ಕೀನ್ಯಾದ ರೂತ್ ಚೆಪ್ನ್‌ಗೆಟಿಚ್ 2 ಗಂಟೆ 32 ನಿಮಿಷ 43 ಸೆಕೆಂಡ್ ತೆಗೆದುಕೊಂಡರು. ಅದೇ ವರ್ಷದ ಆರಂಭದಲ್ಲಿ ಅವರು ದುಬೈಯಲ್ಲಿ 2 ಗಂಟೆ 17 ನಿಮಿಷ 8 ಸೆಕೆಂಡಿನಲ್ಲಿ ಮುಗಿಸಿದ್ದರು. ವ್ಯತ್ಯಾಸ ಸುಮಾರು ಶೇ. 11. ಪದಕಕ್ಕಾಗಿ ಓಡುವವರು ಗಡಿಯಾರಕ್ಕಿಂತ ಪಕ್ಕದವರನ್ನು ನೋಡುತ್ತಾರೆ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು.

ಈಗ ನಾಲ್ಕು ಗಂಟೆಯ ಗುರಿಯಿಟ್ಟುಕೊಂಡ ಬೆಂಗಳೂರಿನ ಓಟಗಾರ್ತಿಯೊಬ್ಬರ ಲೆಕ್ಕ ಹಾಕೋಣ. 42.195 ಕಿಲೋಮೀಟರಿಗೆ ನಾಲ್ಕು ಗಂಟೆ ಎಂದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್. ಮುಂಬೈಯ ಮುನ್ಸೂಚನೆಯಲ್ಲಿ ಬೆಳಿಗ್ಗೆ ಐದಕ್ಕೆ 20 ಡಿಗ್ರಿ, ಡ್ಯೂ ಪಾಯಿಂಟ್ 16 ಎಂದಿದೆ. ಕೂಡಿದರೆ 36, ಪಟ್ಟಿಯ ಮೊತ್ತ 129. ಒಂಬತ್ತಕ್ಕೆ 27 ಮತ್ತು 17 ಎಂದಿದೆ. ಕೂಡಿದರೆ 44, ಮೊತ್ತ 143. ಹೊರಡುವ ಹೊತ್ತಿನ ಅಂಕಿಯನ್ನಷ್ಟೇ ನೋಡಿದರೆ ಎರಡು ಶೇಕಡಾದೊಳಗೆ ಮುಗಿಯಿತು ಅನ್ನಿಸುತ್ತದೆ. ಆದರೆ ಅವರು ಒಂಬತ್ತು ಗಂಟೆಗೂ ರಸ್ತೆಯಲ್ಲೇ ಇರುತ್ತಾರೆ. ಎರಡರ ಸರಾಸರಿ 136, ಅಂದರೆ ಎರಡರಿಂದ ಮೂರು ಶೇಕಡಾ.

ಎರಡೋ ಮೂರೋ ಎಂಬುದನ್ನು ತೀರ್ಮಾನಿಸಲು ಅವರ ಗುರಿ ಎಲ್ಲಿ ಹುಟ್ಟಿತು ಎಂದು ಕೇಳಬೇಕು. ನಾಲ್ಕು ಗಂಟೆಯ ಅಂದಾಜು ಬಂದದ್ದು 16 ಡಿಗ್ರಿಯ ಬೆಂಗಳೂರಿನಿಂದ. ಅಲ್ಲಿನ ಮೊತ್ತ 118. ಹಾಗಾಗಿ ಅರ್ಧದಿಂದ ಒಂದು ಶೇಕಡಾ ನಿಧಾನ ಆ ಅಂದಾಜಿನಲ್ಲಿ ಆಗಲೇ ಸೇರಿಕೊಂಡಿದೆ. ಅಷ್ಟನ್ನು ಕಳೆಯಬಹುದು. ಆದರೆ ಎದುರು ಬದಿಯಲ್ಲಿ ಎರಡು ಸಂಗತಿಗಳಿವೆ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ. ಹಿಂದಿನ ದಿನ ರೈಲಿನಲ್ಲಿ ಬಂದಿಳಿದವರಿಗೆ ಅದರ ಲಾಭವಿಲ್ಲ. ಎರಡನೆಯದು, ಉತ್ತರ ಅಮೆರಿಕದ ಏಳು ಮ್ಯಾರಥಾನ್‌ಗಳ ಹಲವು ವರ್ಷಗಳ ಫಲಿತಾಂಶಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ ಒಂದು ಮಾತನ್ನು ಸ್ಪಷ್ಟವಾಗಿ ತೋರಿಸಿತು: ಸೆಕೆ ಮುಂಚೂಣಿಯ ಓಟಗಾರರಿಗಿಂತ ಹಿಂದಿನವರನ್ನು ಹೆಚ್ಚು ನಿಧಾನಗೊಳಿಸುತ್ತದೆ. ಹಿಂದಿನವರು ಹೆಚ್ಚು ಹೊತ್ತು ರಸ್ತೆಯಲ್ಲಿರುತ್ತಾರೆ, ಜನಜಂಗುಳಿಯಲ್ಲಿ ಓಡುತ್ತಾರೆ. ಆದ್ದರಿಂದ ಕಳೆಯುವುದನ್ನು ಬಿಟ್ಟು ಪೂರ್ತಿ ಮೂರು ಶೇಕಡಾ ಹಿಡಿಯುವುದೇ ಸರಿ ಎಂದು ನನಗನ್ನಿಸುತ್ತದೆ. ಐದು ಗಂಟೆಯ ಗುರಿಯವರಾದರೆ ಒಂಬತ್ತರ ಬದಲು ಹತ್ತು ಗಂಟೆಯ ಅಂಕಿ ನೋಡಬೇಕು, ಅದರ ಮೇಲೆ ಇನ್ನೂ ಒಂದು ಶೇಕಡಾ ಸೇರಿಸಬೇಕು.

ಮೂರು ಶೇಕಡಾ ಎಂದರೆ 4 ಗಂಟೆ 7 ನಿಮಿಷ. ಕಿಲೋಮೀಟರಿಗೆ 5 ನಿಮಿಷ 51 ಸೆಕೆಂಡ್. ಹತ್ತೇ ಸೆಕೆಂಡಿನ ವ್ಯತ್ಯಾಸ, ಅರ್ಧ ದಾರಿಗೆ ಮೂರೂವರೆ ನಿಮಿಷ. ಇದನ್ನು ಮೊದಲ ಕಿಲೋಮೀಟರಿನಿಂದಲೇ ಪಾಲಿಸಬೇಕು ಎಂಬುದೇ ಕಷ್ಟದ ಭಾಗ. ಕತ್ತಲಿನಲ್ಲಿ, ತಂಪಿನಲ್ಲಿ, ಜನರ ಕೂಗಿನ ನಡುವೆ 5:51 ತೀರಾ ಸಲೀಸು ಅನ್ನಿಸುತ್ತದೆ. ‘ಬಿಸಿಲೇರುವ ಮುಂಚೆ ಸ್ವಲ್ಪ ಸಮಯ ಉಳಿಸಿಕೊಳ್ಳೋಣ’ ಎಂಬ ಆಸೆ ಬರುತ್ತದೆ. ಆದರೆ ಮುಂಜಾನೆ ಹೆಚ್ಚು ವೇಗದಲ್ಲಿ ಹುಟ್ಟಿಸಿದ ಶಾಖದ ಒಂದಂಶ ಮೈಯಲ್ಲೇ ಉಳಿದು, ಬಿಸಿಲಿನ ಹೊತ್ತಿಗೆ ಒಟ್ಟಾಗುತ್ತದೆ. ಹಳೆಯ 5:41ರಲ್ಲೇ ಮೂವತ್ತು ಕಿಲೋಮೀಟರ್ ಓಡಿದರೆ ಐದು ನಿಮಿಷ ಉಳಿತಾಯವಾಗುತ್ತದೆ ನಿಜ. ಆಮೇಲೆ ಬಳಲಿ ಪೇಸ್ 7:15ಕ್ಕೆ ಇಳಿದರೆ ಒಟ್ಟು ಸಮಯ 4 ಗಂಟೆ 19 ನಿಮಿಷವಾಗುತ್ತದೆ. ಮುಂಬೈಯಲ್ಲಿ ಕೊನೆಯ ಹಂತದ ಪೆಡ್ಡರ್ ರಸ್ತೆಯ ಏರು ಬೇರೆ ಕಾದಿರುತ್ತದೆ. ಅಲ್ಲಿ 7:15 ಕೂಡ ಸುಲಭವಲ್ಲ.

ಇದೇ ಲೆಕ್ಕವನ್ನು ಕರಾವಳಿಯವರು ತಿರುಗಿಸಿ ಮಾಡಬೇಕು, ಇದನ್ನು ಹೇಳುವವರು ಕಡಿಮೆ. ಅಕ್ಟೋಬರಿನ ಮಂಗಳೂರಿನಲ್ಲಿ 25 ಮತ್ತು 23 ಎಂದರೆ ಮೊತ್ತ 150. ಅಲ್ಲಿ ಕಿಲೋಮೀಟರಿಗೆ 6 ನಿಮಿಷದಂತೆ ಓಡುವವರು ನಾಲ್ಕೂವರೆ ಶೇಕಡಾ ಹೊರೆ ಹೊತ್ತೇ ಓಡುತ್ತಿದ್ದಾರೆ. ತಂಪು ಹವೆಯಲ್ಲಿ ಅದೇ ಶ್ರಮಕ್ಕೆ 5:44 ಸಿಗುತ್ತದೆ. ಮೈಯೂ ಸೆಕೆಗೆ ಒಗ್ಗಿದೆ. ಅವರು ತಮ್ಮ ಅಭ್ಯಾಸದ ಪೇಸ್ ನೋಡಿ ‘ನನ್ನದಿಷ್ಟೇ’ ಎಂದುಕೊಂಡರೆ ತಮಗೆ ತಾವೇ ಅನ್ಯಾಯ ಮಾಡಿಕೊಂಡಂತೆ. ತಂಪಿನ ವರ್ಷದ ಮುಂಬೈಯಲ್ಲಿ ಅವರಿಗೆ ತಿದ್ದುಪಡಿ ಇಳಿಕೆಯ ಕಡೆಗಲ್ಲ, ಏರಿಕೆಯ ಕಡೆಗೆ.

ಪಟ್ಟಿಗೆ ಕಾಣದ ಸಂಗತಿಗಳೂ ಇವೆ. ನೇರ ಬಿಸಿಲು ಅದರ ಲೆಕ್ಕದಲ್ಲಿಲ್ಲ, ಗಾಳಿಯೂ ಇಲ್ಲ. ಮೋಡ ಮುಸುಕಿದ 143 ಮತ್ತು ನೆತ್ತಿಗೆ ಹೊಡೆಯುವ ಬಿಸಿಲಿನ 143 ಒಂದೇ ಅಲ್ಲ. ಹಾಗಾಗಿ ದಾರಿಯಲ್ಲಿ ಹೃದಯ ಬಡಿತವನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು. ಪೇಸ್ ಬದಲಾಗದೆ ಬಡಿತ ನಿಧಾನವಾಗಿ ಏರುವುದು ಸಹಜ. ಆದರೆ ಅಭ್ಯಾಸದಲ್ಲಿ ಮೂವತ್ತನೇ ಕಿಲೋಮೀಟರಿಗೆ ಮುಟ್ಟುತ್ತಿದ್ದ ಬಡಿತ ಹದಿನೈದರಲ್ಲೇ ಮುಟ್ಟಿದರೆ ಲೆಕ್ಕ ಸಾಲಲಿಲ್ಲವೆಂದೇ ಅರ್ಥ. ಆಗ ಇನ್ನೂ ಒಂದೆರಡು ಶೇಕಡಾ ಇಳಿಸಬೇಕು. ತಲೆಗೆ, ಕತ್ತಿಗೆ ಸುರಿದುಕೊಂಡ ನೀರು ಸಹಾಯಕ್ಕೆ ಬರುತ್ತದೆ. ಬಾಯಾರಿಕೆ ಮೀರಿ ನೀರು ಕುಡಿಯುವುದು ಮಾತ್ರ ಅಪಾಯ, ರಕ್ತದ ಸೋಡಿಯಂ ಕುಸಿಯಬಹುದು.

ಶೇಕಡಾ ಲೆಕ್ಕವೆಲ್ಲ ಬದಿಗಿಟ್ಟು ನಿಲ್ಲಬೇಕಾದ ಗೆರೆಯೂ ಒಂದಿದೆ. ಬಿಸಿಲಿನಲ್ಲೂ ಚಳಿ ಹತ್ತಿದಂತಾಗುವುದು, ರೋಮಾಂಚನ, ತಲೆ ಸುತ್ತು, ಹೆಜ್ಜೆ ತಪ್ಪುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುವುದು ಶಾಖಾಘಾತದ ಮುನ್ಸೂಚನೆಗಳಾಗಿರಬಹುದು. ಮೈಯೊಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಬುದ್ಧಿ ಮಂಕಾದವರಿಗೆ ತಾವು ನಿಲ್ಲಬೇಕೆಂಬುದೇ ಹೊಳೆಯುವುದಿಲ್ಲ. ಪಕ್ಕದಲ್ಲಿ ಓಡುತ್ತಿರುವವರೇ ಅವರನ್ನು ನಿಲ್ಲಿಸಿ, ವೈದ್ಯಕೀಯ ತಂಡವನ್ನು ಕರೆದು, ಆಸ್ಪತ್ರೆಗೆ ಸಾಗಿಸುವುದಕ್ಕೆ ಮುಂಚೆಯೇ ಐಸ್ ಹಾಕಿದ ನೀರಿನಲ್ಲಿ ಮೈ ತಣಿಸುವ ಕೆಲಸ ಶುರುಮಾಡಬೇಕು.