ಪಿಡಿಎಫ್ ಸುತ್ತೋಲೆ: ನಿಯಮದ ಹಿಂದಿನ ಕಾರಣ

ಹಲವು ಕಚೇರಿಗಳಲ್ಲಿ ಈಗ ಸಿಬ್ಬಂದಿಗೆ ಇಂಥದೊಂದು ಸುತ್ತೋಲೆ ಬರುತ್ತದೆ: ಪಿಡಿಎಫ್‌ಗೆ ಇಂಥ ಹೆಸರಿಡಿ, ಗಾತ್ರ ಇಷ್ಟರೊಳಗಿರಲಿ, ಹೀಗೆ ಕಳುಹಿಸಿ. ನಿಯಮ ಇರುತ್ತದೆ, ಕಾರಣ ಇರುವುದಿಲ್ಲ. ಹಾಗಾಗಿ ಮೊದಲ ವಾರ ಪಾಲಿಸಿ ಆಮೇಲೆ ಎಲ್ಲರೂ ಮರೆಯುತ್ತಾರೆ. ಆ ಕಾರಣಗಳನ್ನು ತಿಳಿಯಲು ಒಂದು ಸಭಾ ನಡಾವಳಿಯನ್ನು ಮುಂದಿಟ್ಟುಕೊಳ್ಳೋಣ. ಟೈಪ್ ಮಾಡಿದ 24 ಪುಟ, ಕೊನೆಯ ಪುಟದಲ್ಲಿ ಅಧ್ಯಕ್ಷರ ಸಹಿ ಮತ್ತು ನೇರಳೆ ಬಣ್ಣದ ಮೊಹರು.

ಹೆಚ್ಚಿನವರು ಗಾತ್ರದ ಚಿಂತೆ ಮಾಡುವುದು ಕಡತ ತಯಾರಾದ ಮೇಲೆ. ಅದು ತೀರ್ಮಾನವಾಗುವುದು ಸ್ಕ್ಯಾನರಿನ ಗುಂಡಿ ಒತ್ತುವಾಗಲೇ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಒಂದು ಪುಟಕ್ಕೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಬಣ್ಣದಲ್ಲಿ ಪ್ರತಿ ಚುಕ್ಕಿಗೆ ಮೂರು ಬೈಟ್ ಬೇಕು, ಪುಟಕ್ಕೆ 26 ಎಂಬಿ. ಕಪ್ಪು-ಬಿಳುಪಿನಲ್ಲಿ ಎಂಟು ಚುಕ್ಕಿಗೆ ಒಂದೇ ಬೈಟ್ ಸಾಕು, ಪುಟಕ್ಕೆ ಒಂದು ಎಂಬಿಗಿಂತ ತುಸು ಹೆಚ್ಚು. ಯಂತ್ರ ಎರಡನ್ನೂ ಕುಗ್ಗಿಸಿಯೇ ಉಳಿಸುತ್ತದೆ, ಆದರೂ ಅಂತರ ಹಾಗೇ ಉಳಿಯುತ್ತದೆ. ಕಾಗದದ ಹಳದಿ ಛಾಯೆ, ಹಿಂಬದಿಯ ಅಕ್ಷರದ ನೆರಳು ಎಲ್ಲವನ್ನೂ ಬಣ್ಣದ ಸ್ಕ್ಯಾನ್ ನಿಷ್ಠೆಯಿಂದ ಹೊತ್ತು ತರುತ್ತದೆ. ನಮ್ಮ ನಡಾವಳಿ ಬಣ್ಣದಲ್ಲಿ ಪುಟಕ್ಕೆ ಒಂದು ಎಂಬಿಯಂತೆ ಬಂದರೂ 24 ಎಂಬಿ. ಮೊದಲ 23 ಪುಟ ಕಪ್ಪು-ಬಿಳುಪಿನಲ್ಲಿ, ಸಹಿ-ಮೊಹರಿನ ಪುಟ ಮಾತ್ರ ಬಣ್ಣದಲ್ಲಿ ಮಾಡಿ ಜೋಡಿಸಿದರೆ ಸಾಮಾನ್ಯವಾಗಿ ಮೂರು-ನಾಲ್ಕು ಎಂಬಿಯೊಳಗೆ ಮುಗಿಯುತ್ತದೆ.

ಹಾಗಾದರೆ ಡಿಪಿಐ ಅನ್ನೇ 100ಕ್ಕೆ ಇಳಿಸಿದರಾಯಿತಲ್ಲ ಎನ್ನುವವರಿದ್ದಾರೆ. ಕನ್ನಡದ ಕಡತಕ್ಕೆ ಅದು ಸಲ್ಲದು. 12 ಪಾಯಿಂಟಿನ ಸಾಲಿಗೆ 100 ಡಿಪಿಐನಲ್ಲಿ ಹದಿನಾರು-ಹದಿನೇಳು ಚುಕ್ಕಿಯಷ್ಟೇ ಎತ್ತರ ಸಿಗುತ್ತದೆ. ಅದರಲ್ಲೇ ತಲೆಕಟ್ಟು, ಅಕ್ಷರ, ಕೆಳಗಿನ ಒತ್ತು ಮೂರೂ ಕೂರಬೇಕು. ಒತ್ತಿಗೆ ಉಳಿಯುವುದು ನಾಲ್ಕೈದು ಚುಕ್ಕಿ. ‘ಪ’ ಮತ್ತು ‘ಷ’ ಬೇರೆಯಾಗುವ ಒಳಗಿನ ಸಣ್ಣ ಗೆರೆ ಮಸುಕಾಗುತ್ತದೆ, ಸರ್ವೆ ನಂಬರಿನ 3 ಮತ್ತು 8 ಒಂದೇ ಥರ ಕಾಣುತ್ತವೆ. ಅಕ್ಷರವಿರುವ ಪುಟಕ್ಕೆ 200 ಡಿಪಿಐಗಿಂತ ಕೆಳಗೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಳುಹಿಸುವ ಮುನ್ನ ಅತಿ ಸಣ್ಣ ಅಕ್ಷರದ ಒಂದು ಸಾಲನ್ನು ಪರದೆಯ ಮೇಲೆ ದೊಡ್ಡದು ಮಾಡಿ ಓದಿ ನೋಡಿ, ಒತ್ತು ಬಿಡಿಯಾಗಿ ಕಂಡರೆ ಸರಿ. ಇನ್ನು, ಸಹಿ ಬೇಕಿಲ್ಲದ ಕಡತವನ್ನು ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡುವುದು ವ್ಯರ್ಥ ಕೆಲಸ. ವರ್ಡ್‌ನಿಂದಲೇ ಪಿಡಿಎಫ್ ಆಗಿ ಉಳಿಸಿದರೆ ಗಾತ್ರವೂ ಕಡಿಮೆ, ಅಕ್ಷರವೂ ಸ್ವಚ್ಛ.

ಹೆಸರಿನ ವಿಷಯ ಸರಳ. `Scan0001.pdf`, `final.pdf` ಎಂಬ ಹೆಸರುಗಳು ಕಳುಹಿಸಿದವರಿಗೆ ಅಂದು ಅರ್ಥವಾಗುತ್ತವೆ, ಪಡೆದವರಿಗೆ ಎಂದೂ ಆಗುವುದಿಲ್ಲ. ನಮ್ಮ ನಡಾವಳಿಗೆ ಹೀಗೆ ಹೆಸರಿಡಬಹುದು:

```
2025-03-12_sabha-nadavali_v2.pdf
```

ವರ್ಷ ಮೊದಲು ಬರುವುದಕ್ಕೆ ಕಾರಣವಿದೆ. ನಾವು ರೂಢಿಯಂತೆ ದಿನವನ್ನು ಮೊದಲು ಬರೆದರೆ ಕಂಪ್ಯೂಟರಿನ ಪಟ್ಟಿಯಲ್ಲಿ ಏಪ್ರಿಲ್ 5ರ ಕಡತ ಮಾರ್ಚ್ 12ರದ್ದಕ್ಕಿಂತ ಮೇಲೆ ಕೂರುತ್ತದೆ. ವರ್ಷ, ತಿಂಗಳು, ದಿನ ಎಂದು ಬರೆದರೆ ಹೆಸರಿನ ಕ್ರಮವೇ ಕಾಲಕ್ರಮವಾಗುತ್ತದೆ. ಕಡತ ಸಂಖ್ಯೆಯಲ್ಲಿ ಬರುವ ಓರೆಗೆರೆ ಮತ್ತು ಕೋಲನ್ನನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ, ಆ ಜಾಗದಲ್ಲಿ ಅಡ್ಡಗೆರೆ ಹಾಕಿ. ಕನ್ನಡದಲ್ಲೇ ಹೆಸರಿಡಲು ಈಗಿನ ಕಂಪ್ಯೂಟರುಗಳಲ್ಲಿ ಅಡ್ಡಿಯಿಲ್ಲ. ಆದರೆ ಕೆಲವು ಪೋರ್ಟಲ್‌ಗಳು ಅದನ್ನು ತಿರಸ್ಕರಿಸುತ್ತವೆ, ಅಲ್ಲಿಗೆ ಮಾತ್ರ ಇಂಗ್ಲಿಷ್ ಅಕ್ಷರ ಬಳಸಬೇಕಾಗುತ್ತದೆ.

ಕಳುಹಿಸುವಾಗಿನ ಒಂದು ಗೊಂದಲವನ್ನು ಬಿಡಿಸಲೇಬೇಕು. ಮಿತಿ 10 ಎಂಬಿ, ನನ್ನ ಕಡತ 9 ಎಂಬಿ, ಆದರೂ ಮೇಲ್ ವಾಪಸ್ ಬಂತು ಎಂಬ ದೂರು ಸಾಮಾನ್ಯ. ಇಮೇಲ್ ವ್ಯವಸ್ಥೆ ಲಗತ್ತನ್ನು ಅಕ್ಷರಗಳ ರೂಪಕ್ಕೆ ಬದಲಿಸಿ ಸಾಗಿಸುತ್ತದೆ, ಪ್ರತಿ ಮೂರು ಬೈಟ್ ನಾಲ್ಕಾಗುತ್ತದೆ. ಹಾಗಾಗಿ 9 ಎಂಬಿ ದಾರಿಯಲ್ಲಿ 12 ಎಂಬಿ. ಸರ್ವರ್ ಈ ಉಬ್ಬಿದ ಗಾತ್ರವನ್ನು ಅಳೆಯುವುದಾದರೆ 10 ಎಂಬಿ ಮಿತಿಯಲ್ಲಿ ಹೋಗುವುದು ಏಳು ಎಂಬಿಯ ಆಸುಪಾಸಿನ ಕಡತ ಮಾತ್ರ.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಡಿಜಿಟಲ್ ಸಹಿಯ ಕಡತದಲ್ಲಿ ಆಗುತ್ತದೆ. ಆ ಸಹಿ ಕಡತದ ಬೈಟುಗಳಿಗೇ ಗಂಟುಬಿದ್ದಿರುತ್ತದೆ. ಗಾತ್ರ ಇಳಿಸಲು ಯಾವುದೋ ತಾಣಕ್ಕೆ ಹಾಕಿದರೆ, ಅಥವಾ ಪಿಡಿಎಫ್ ಆಗಿ ಮತ್ತೆ ಪ್ರಿಂಟ್ ಕೊಟ್ಟರೆ, ಬೈಟುಗಳೆಲ್ಲ ಹೊಸದಾಗಿ ಬರೆಯಲ್ಪಟ್ಟು ಸಹಿ ಅಸಿಂಧುವಾಗುತ್ತದೆ ಇಲ್ಲವೇ ಅಳಿಸಿಹೋಗುತ್ತದೆ. ಎಷ್ಟೋ ಸಲ ಹಸಿರು ಟಿಕ್ ಗುರುತಿನ ಚಿತ್ರ ಮಾತ್ರ ಉಳಿದು ನೋಡುವವರನ್ನು ನಂಬಿಸುತ್ತದೆ. ಅಡೋಬಿ ರೀಡರಿನಲ್ಲಿ ತೆರೆದು ಆ ಗುರುತಿನ ಮೇಲೆ ಒತ್ತಿ. ನಿಜವಾದ ಸಹಿಯಾದರೆ ಅದರ ವಿವರ ತೆರೆದುಕೊಳ್ಳುತ್ತದೆ, ಚಿತ್ರವಾದರೆ ಏನೂ ಆಗುವುದಿಲ್ಲ. ಆದ್ದರಿಂದ ಕುಗ್ಗಿಸುವುದಿದ್ದರೆ ಸಹಿಗೆ ಮೊದಲೇ ಕುಗ್ಗಿಸಿ. ಸಹಿ ಬಿದ್ದ ಮೇಲೆ ಆ ಕಡತವನ್ನು ಇದ್ದಂತೆಯೇ ಕಳುಹಿಸಿ.