ಯೋಗ ಮ್ಯಾಟ್ ಅಂಟಂಟಾಗಿ ವಾಸನೆ ಬರುತ್ತಿದೆಯೇ? ಬಿರುಕು ಬಿಡದಂತೆ ಹೀಗೆ ಸ್ವಚ್ಛಗೊಳಿಸಿ

ಮಳೆಗಾಲದಲ್ಲಿ ಥಾಣೆಯ ವರ್ತಕ ನಗರದಂಥ ಕಡೆ ಬೆಳಗ್ಗೆ ಒರೆಸಿಟ್ಟ ಬಟ್ಟೆಯೇ ಸಂಜೆಯವರೆಗೆ ಒಣಗುವುದಿಲ್ಲ. ಹಾಗಿರುವಾಗ ಬೆವರು ಹೀರಿದ ಯೋಗ ಮ್ಯಾಟನ್ನು ಹಾಗೇ ಸುತ್ತಿ ಮೂಲೆಯಲ್ಲಿಟ್ಟರೆ ನಾಲ್ಕೇ ದಿನಕ್ಕೆ ಹಳಸಿದ ವಾಸನೆ ಬರುತ್ತದೆ. ವಾಸನೆ ಹೋಗಲೆಂದು ಡಿಟರ್ಜೆಂಟ್ ಹಾಕಿ ತಿಕ್ಕಿ ಬಿಸಿಲಿಗೆ ಹಾಕಿದರೆ ಮ್ಯಾಟ್ ಗಡುಸಾಗಿ ಬಿರುಕು ಬಿಡುತ್ತದೆ.

ಗಡುಸಾಗುವುದೇಕೆ?

ಅಗ್ಗದ ಮ್ಯಾಟ್‌ಗಳು ಹೆಚ್ಚಾಗಿ ಪಿವಿಸಿಯವು. ಅವು ಮೆತ್ತಗಿರಲು ಕಾರಣ ಅದರಲ್ಲಿ ಬೆರೆಸಿರುವ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ಪದಾರ್ಥ. ಬಿಸಿ ನೀರು, ಸ್ಯಾನಿಟೈಜರ್ ಮತ್ತು ಸುಡುಬಿಸಿಲಿಗೆ ಅದು ನಿಧಾನವಾಗಿ ಹೊರಟುಹೋಗುತ್ತದೆ. ನೈಸರ್ಗಿಕ ರಬ್ಬರ್ ಮ್ಯಾಟ್‌ಗೆ ಬಿಸಿಲು ಮತ್ತು ಎಣ್ಣೆ ಎರಡೂ ಶತ್ರುಗಳೇ. ತೂಕ ಹೆಚ್ಚಿದ್ದು, ಟಯರ್‌ನಂಥ ವಾಸನೆ ಇದ್ದರೆ ಅದು ರಬ್ಬರ್ ಮ್ಯಾಟ್ ಎಂದುಕೊಳ್ಳಬಹುದು.

ಮೊದಲು ನೀರಿನ ಹನಿ ಪರೀಕ್ಷೆ

ಮ್ಯಾಟ್ ಮೇಲೆ ಒಂದು ಹನಿ ನೀರು ಬಿಟ್ಟು ಒಂದು ನಿಮಿಷ ಕಾಯಿರಿ. ಹನಿ ಮೇಲೆಯೇ ನಿಂತರೆ ಕೊಳೆಯೂ ಮೇಲೆಯೇ ಇರುತ್ತದೆ, ಒರೆಸಿದರೆ ಸಾಕು. ಹನಿ ಒಳಗಿಳಿದರೆ ಬೆವರೂ ಒಳಗಿಳಿದಿರುತ್ತದೆ. ಅಂಥ ಮ್ಯಾಟನ್ನು ಬಕೆಟ್‌ನಲ್ಲಿ ನೆನೆಸಬೇಡಿ, ಒಣಗುವುದು ಕಷ್ಟ.

ಸ್ವಚ್ಛಗೊಳಿಸುವ ವಿಧಾನ

ಪಿವಿಸಿ ಮ್ಯಾಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅರ್ಧ ಲೀಟರ್ ತಣ್ಣೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಎರಡೂ ಬದಿ ಮೆಲ್ಲಗೆ ಒರೆಸಿ. ಅಂಗೈ ಮತ್ತು ಪಾದ ಊರುವ ಜಾಗದಲ್ಲೇ ಚರ್ಮದ ಎಣ್ಣೆ, ಲೋಷನ್ ಸೇರಿ ಜಿಗುಟಾಗಿರುವುದರಿಂದ ಅಲ್ಲಿ ಎರಡು ಸಲ ಒರೆಸಿ.

ಬಳಿಕ ಬರೀ ನೀರಿನ ಬಟ್ಟೆಯಿಂದ ಕನಿಷ್ಠ ಎರಡು ಸಲ ಒರೆಸಬೇಕು. ಸೋಪು ಉಳಿದರೆ ಮುಂದಿನ ಬಾರಿ ಕೈ ಬೆವರಿದಾಗ ಮ್ಯಾಟ್ ಜಾರುತ್ತದೆ. ಒದ್ದೆ ಬೆರಳಿನಿಂದ ಉಜ್ಜಿದಾಗ ನೊರೆ ಬಂದರೆ ಇನ್ನೊಮ್ಮೆ ಒರೆಸಿ.

ವಾಸನೆ ಹೋಗದಿದ್ದರೆ?

ಒಂದು ಭಾಗ ಬಿಳಿ ವಿನೆಗರ್‌ಗೆ ನಾಲ್ಕು ಭಾಗ ನೀರು ಸೇರಿಸಿ ಒರೆಸಿ, ಮತ್ತೆ ನೀರಿನ ಬಟ್ಟೆಯಿಂದ ಒರೆಸಿ. ಮೊದಲು ಮೂಲೆಯಲ್ಲಿ ಪರೀಕ್ಷಿಸುವುದು ಒಳ್ಳೆಯದು. ರಬ್ಬರ್ ಮ್ಯಾಟ್‌ಗೆ ವಿನೆಗರ್, ಸುಗಂಧ ತೈಲ ಎರಡೂ ಬೇಡ.

ಒಣಗಿಸುವುದೇ ಮುಖ್ಯ

ಒಣ ಟವೆಲ್ ಹಾಸಿ, ಅದರೊಂದಿಗೆ ಮ್ಯಾಟನ್ನು ಸುತ್ತಿ ಒತ್ತಿದರೆ ಹೆಚ್ಚಿನ ನೀರು ಟವೆಲ್‌ಗೆ ಬರುತ್ತದೆ. ಹಿಂಡಬೇಡಿ. ನಂತರ ಫ್ಯಾನ್ ಕೆಳಗೆ ನೆರಳಿನಲ್ಲಿ ನೇತುಹಾಕಿ, ನಡುವೆ ಒಮ್ಮೆ ಬದಿ ತಿರುಗಿಸಿ. ಮುಟ್ಟಿದಾಗ ತಣ್ಣಗೆನಿಸಿದರೆ ಇನ್ನೂ ತೇವವಿದೆ ಎಂದರ್ಥ, ಸುತ್ತಿಡಬೇಡಿ.

ತೊಳೆದರೂ ಅಂಟು ಹೋಗದೆ, ಉಜ್ಜಿದಾಗ ಪುಡಿ ಉದುರಿದರೆ ಅಥವಾ ಮೂಲೆ ಮಡಚಿದಾಗ ಸಣ್ಣ ಬಿರುಕು ಕಂಡರೆ ಅದು ಕೊಳೆಯಲ್ಲ, ಮ್ಯಾಟೇ ಸವೆದಿದೆ. ಆಗ ಬದಲಿಸುವುದೊಂದೇ ದಾರಿ.